ಗಂಡನ ಬಿಡುಗಡೆಗೆ ಹೆಂಡತಿಯ ಅರ್ಜಿ: ಹದಿನಾಲ್ಕು ವರ್ಷ ಎಣಿಸೋದು ಹೇಗೆ?

"ಅಕ್ಕಾರ, ಹಗಲು ಒಂದು, ರಾತ್ರಿ ಒಂದು ಅಂತ ಲೆಕ್ಕ ಹಿಡಿತಾರಂತಲ್ರಿ. ಹಂಗಂದ್ರ ಏಳು ವರ್ಷಕ್ಕ ಮುಗೀಬೇಕಿತ್ತು. ನಮ್ಮ ಮನಿಯವ್ರು ಹದಿನೈದು ವರ್ಷ ಆತು, ಇನ್ನೂ ಒಳಗದಾರ."

2024ರ ಆಗಸ್ಟ್‌ನಲ್ಲಿ ಬ್ಯಾಡಗಿ ತಾಲ್ಲೂಕಿನ ಹೆಣ್ಣುಮಗಳೊಬ್ಬರು ಹಾವೇರಿಯಲ್ಲಿ ನನ್ನೆದುರು ಕೂತು ಹೇಳಿದ ಮೊದಲ ಮಾತು ಇದು. ವರ್ಷದ ಅರ್ಧ ದಿನ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೂಲಿ, ಇನ್ನರ್ಧ ಸಿಕ್ಕ ಕೆಲಸ. ಮಾತಾಡುವಾಗ ಆಗಾಗ ಬೆರಳು ಉಜ್ಜಿಕೊಳ್ಳುತ್ತಿದ್ದರು. ಖಾರ ಚರ್ಮಕ್ಕೆ ಇಳಿದರೆ ನೀರು ಹಾಕಿದರೂ ಹೋಗುವುದಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಮಾತ್ರ ಬೇಡ ಅಂದಿದ್ದಾರೆ.

ಹಗಲು-ರಾತ್ರಿ ಬೇರೆ ಬೇರೆ ಎಣಿಸುವ ಕಾನೂನು ಎಲ್ಲೂ ಇಲ್ಲ. ಯಾವ ಕಾಲದಲ್ಲಿ ಹುಟ್ಟಿದ ಮಾತೋ ಗೊತ್ತಿಲ್ಲ, ಬಸ್ ಸ್ಟ್ಯಾಂಡಿನಿಂದ ಬೆಂಗಳೂರಿನ ಐಟಿ ಕಂಪನಿಯ ಕ್ಯಾಂಟೀನ್‌ವರೆಗೆ ಇದನ್ನು ನಂಬುವವರನ್ನು ನೋಡಿದ್ದೇನೆ. ಅದರ ಜೊತೆ ಇನ್ನೊಂದು ನಂಬಿಕೆ, ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅನ್ನೋದು. ಅದೂ ಸರಿಯಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೆ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ, ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಅಂತ ಒಂದು ಕಲಂ ಸೇರಿಸಿದರು. ಮರಣದಂಡನೆಯನ್ನೂ ಕೊಡಬಹುದಾದ ಅಪರಾಧಕ್ಕೆ, ಉದಾಹರಣೆಗೆ ಕೊಲೆಗೆ, ಜೀವಾವಧಿ ಆಗಿದ್ದರೆ ಹದಿನಾಲ್ಕು ವರ್ಷ ನಿಜವಾಗಿ ಜೈಲಿನಲ್ಲಿ ಕಳೆಯುವವರೆಗೆ ಸರ್ಕಾರ ಆ ಕೈದಿಯನ್ನು ಬಿಡುವಂತಿಲ್ಲ ಅನ್ನುತ್ತೆ ಆ ಕಲಂ. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂನಲ್ಲಿದೆ. ಅಂದರೆ ಹದಿನಾಲ್ಕಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಬಾಗಿಲು ಬಡಿಯಲು ಅವಕಾಶ ಸಿಗುತ್ತದೆ, ಅಷ್ಟೇ.

ಪ್ರಕರಣ ಏನು ಅಂತ ಎರಡು ಸಾಲಿನಲ್ಲಿ ಹೇಳಿಬಿಡ್ತೀನಿ. ಹೊಲದ ಬದುವಿನ ಜಗಳ, ಎದುರಿಗಿದ್ದವನು ದಾಯಾದಿ. ಕೈಗೆ ಸಿಕ್ಕಿದ್ದು ಕೊಡಲಿ. ಸತ್ತವನಿಗೂ ಹೆಂಡತಿ ಇದ್ದಳು, ಮಗ ಇದ್ದ. ಅವರು ಈಗಲೂ ಅದೇ ಓಣಿಯಲ್ಲಿದ್ದಾರೆ. ಈ ಲೇಖನ ಓದುವಾಗ ಅವರನ್ನೂ ನೆನಪಿಟ್ಟುಕೊಳ್ಳಿ, ನಾನು ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕಾಯಿತು.

ಆಕೆ ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಟೈಪ್ ಮಾಡಿದ ಅರ್ಜಿ ಇತ್ತು. ಯಾರೋ ಮುನ್ನೂರು ರೂಪಾಯಿ ತೊಗೊಂಡು ಬರೆದುಕೊಟ್ಟದ್ದು. "ನನ್ನ ಪತಿ ನಿರಪರಾಧಿ, ಸುಳ್ಳು ಸಾಕ್ಷಿಯಿಂದ ಶಿಕ್ಷೆಯಾಗಿದೆ" ಅಂತ ಶುರುವಾಗಿತ್ತು. ಓದಿ ಪಕ್ಕಕ್ಕಿಟ್ಟೆ. ನಿರಪರಾಧಿ ಅಂತ ವಾದ ಮಾಡುವ ಜಾಗ ಮೇಲ್ಮನವಿ. ಅದು ಹೈಕೋರ್ಟಿನಲ್ಲಿ ವಜಾ ಆಗಿ ಎಷ್ಟೋ ವರ್ಷ ಆಗಿದೆ. ಅವಧಿಪೂರ್ವ ಬಿಡುಗಡೆಯ ಅರ್ಜಿಯಲ್ಲಿ ಅದೇ ವಾದ ಹೂಡಿದರೆ ಓದುವ ಅಧಿಕಾರಿಗೆ ಕಾಣುವುದು ಒಂದೇ: ಈತನಿಗೆ ಇನ್ನೂ ಮಾಡಿದ್ದರ ಅರಿವಾಗಿಲ್ಲ. ಸನ್ನಡತೆ ಅಂತ ಬರೆದ ಉಳಿದ ಪುಟವೆಲ್ಲ ಆ ಒಂದು ಸಾಲಿಗೆ ಬಲಿ.

"ಹಂಗಾರ ತಪ್ಪು ಮಾಡ್ಯಾನ ಅಂತ ನಾನs ಬರೀಬೇಕೇನ್ರಿ?" ಅಂತ ಕೇಳಿದರು. ಹಾಗಲ್ಲ, ಕೋರ್ಟ್ ಕೊಟ್ಟ ತೀರ್ಪನ್ನು ಪ್ರಶ್ನಿಸುತ್ತಿಲ್ಲ ಅಂತ ಬರೆದರೆ ಸಾಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾಡಿದ್ದು ಖರೇನ ಬಿಡ್ರಿ" ಅಂದರು.

ಮೊದಲ ಕೆಲಸ ಜೈಲಿನಿಂದ ನಾಮಿನಲ್ ರೋಲ್ ತರಿಸುವುದು. ಕೈದಿಯ ಜಾತಕ ಅಂತಲೇ ಇಟ್ಟುಕೊಳ್ಳಿ. ಯಾವ ಕೇಸು, ಯಾವತ್ತು ಶಿಕ್ಷೆ, ಎಷ್ಟು ದಿನ ಒಳಗೆ, ಎಷ್ಟು ದಿನ ಪರೋಲ್, ಎಷ್ಟು ಮಾಫಿ, ಜೈಲಿನೊಳಗೆ ಏನಾದರೂ ತಪ್ಪಿಗೆ ದಂಡನೆ ಆಗಿದೆಯಾ, ಎಲ್ಲ ಅದರಲ್ಲಿರುತ್ತೆ. ಬಂತು. ನೋಡಿದರೆ ಶಿಕ್ಷೆಯ ದಿನ ಎಣಿಸಲು ಶುರು ಮಾಡಿದ್ದು 2011ರ ನವೆಂಬರ್‌ನಿಂದ, ತೀರ್ಪಿನ ದಿನದಿಂದ. ಆ ಲೆಕ್ಕದಲ್ಲಿ ಹದಿನಾಲ್ಕು ವರ್ಷ ಮುಗಿಯಲು 2025ರ ನವೆಂಬರ್ ಆದರೂ ಬರಬೇಕು. ಆದರೆ ಆತ ಅರೆಸ್ಟ್ ಆದದ್ದು 2009ರ ಜೂನ್ 20ಕ್ಕೆ. ಜಾಮೀನು ಸಿಗಲೇ ಇಲ್ಲ. ವಿಚಾರಣಾಧೀನ ಕೈದಿಯಾಗಿ ಕಳೆದ ಎರಡು ವರ್ಷ ಐದು ತಿಂಗಳು ಎಲ್ಲಿ ಹೋಯಿತು?

ವಿಚಾರಣೆ ಕಾಲದಲ್ಲಿ ಜೈಲಿನಲ್ಲಿದ್ದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಹಾಕಿಕೊಳ್ಳಬೇಕು ಅಂತ ಹಳೆಯ ಸಂಹಿತೆಯ 428ನೇ ಕಲಂ ಹೇಳುತ್ತೆ. ಕೋರ್ಟ್ ಭಾಷೆಯಲ್ಲಿ ಸೆಟ್-ಆಫ್. ಜೀವಾವಧಿ ಶಿಕ್ಷೆಗೆ ಕೊನೆ ದಿನವೇ ಇಲ್ಲ, ಅದರಲ್ಲಿ ಏನನ್ನು ಕಳೆಯೋದು ಅಂತ ಹಿಂದೆ ವಾದ ಇತ್ತು. ಭಗೀರಥ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಜೀವಾವಧಿಗೂ ಸೆಟ್-ಆಫ್ ಅನ್ವಯ ಅಂತ ತೀರ್ಮಾನಿಸಿದೆ. ನಮ್ಮ ಕೇಸಿನ ತೀರ್ಪಿನ ಕೊನೆಯ ಪುಟದಲ್ಲೂ ಸೆಟ್-ಆಫ್ ಕೊಟ್ಟ ಸಾಲು ಇತ್ತು. ಆದರೆ ತೀರ್ಪಿನ ಜೊತೆ ಜೈಲಿಗೆ ಹೋಗುವ ವಾರಂಟಿನಲ್ಲಿ ಆ ಕಾಲಂ ಖಾಲಿ. ಜೈಲಿನವರು ವಾರಂಟ್ ನೋಡುತ್ತಾರೆ, ಇಡೀ ತೀರ್ಪು ಓದುತ್ತಾ ಕೂರುವುದಿಲ್ಲ. ಯಾರೋ ಒಬ್ಬರು ತುಂಬದೆ ಬಿಟ್ಟ ಒಂದು ಖಾನೆ, ಹದಿಮೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಇಟ್ಟು, ಶಿಕ್ಷೆ ಕೊಟ್ಟ ಕೋರ್ಟಿಗೆ ಮೆಮೊ ಹಾಕಿ ವಾರಂಟ್ ಸರಿಪಡಿಸಿಕೊಂಡೆವು. ನಿಮ್ಮ ಪರಿಚಯದವರು ಯಾರಾದರೂ ಇಂಥ ಅರ್ಜಿ ಹಾಕುವುದಿದ್ದರೆ ಮೊದಲು ಅರೆಸ್ಟ್ ತಾರೀಖು ಮತ್ತು ನಾಮಿನಲ್ ರೋಲ್‌ನ ತಾರೀಖು ಪಕ್ಕಪಕ್ಕ ಇಟ್ಟು ನೋಡಿ ಅಂತ ಹೇಳಿ.

ಇದು ಕೂಡಿಸುವ ಲೆಕ್ಕ ಆಯಿತು. ಕಳೆಯುವ ಲೆಕ್ಕವೂ ಇದೆ. ಆತ ಮೂರು ಸಲ ಮೂವತ್ತು ಮೂವತ್ತು ದಿನ ಪರೋಲ್ ಮೇಲೆ ಬಂದಿದ್ದ, ಕೋವಿಡ್ ಕಾಲದಲ್ಲಿ ಜೈಲು ಖಾಲಿ ಮಾಡಿಸುವಾಗ ನೂರಿಪ್ಪತ್ತು ದಿನ ಹೊರಗಿದ್ದ. ಒಟ್ಟು 210 ದಿನ. ಪರೋಲ್ ದಿನಗಳನ್ನು ಹದಿನಾಲ್ಕು ವರ್ಷದ ನಿಜವಾದ ಸೆರೆವಾಸದಲ್ಲಿ ಸೇರಿಸುವಂತಿಲ್ಲ ಅಂತ ಗೋವಾದ ಕೈದಿಗಳ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕೋವಿಡ್ ಪರೋಲಿಗೂ ಅದೇ ಮಾತು ಅಂದಿತು. ಹಾಗಾಗಿ 2023ರ ಜೂನ್ 20ಕ್ಕೆ ತುಂಬಬೇಕಿದ್ದ ಹದಿನಾಲ್ಕು ವರ್ಷ, 210 ದಿನ ಮುಂದೆ ಹೋಗಿ 2024ರ ಜನವರಿ 16ಕ್ಕೆ ತುಂಬಿತು. ಸಂಕ್ರಾಂತಿ ಮರುದಿನ. ಜೈಲಿನಲ್ಲಿ ಕೆಲಸ ಮಾಡಿ ಗಳಿಸಿದ ಮಾಫಿ ದಿನಗಳೂ ಈ ಹದಿನಾಲ್ಕಕ್ಕೆ ಸೇರುವುದಿಲ್ಲ. ಆಕೆ ಆ ದಿನಗಳನ್ನೂ ಕೂಡಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಎಂದೋ ಗುರುತು ಹಾಕಿಟ್ಟಿದ್ದರು. ಆ ಗುರುತಿನ ದಿನ ಬಂದು ಹೋಗಿ ಎರಡು ವರ್ಷ ಆಗಿತ್ತು.

ಈಗ ಅರ್ಜಿಗೆ ಬರೋಣ. ಕೈದಿಯೇ ಅರ್ಜಿ ಹಾಕಿದರೆ ಅದು ಜೈಲಿನ ಅಧಿಕಾರಿಯ ಮೂಲಕವೇ ಹೋಗಬೇಕು. ಹೆಂಡತಿ ಅಥವಾ ಬೇರೆ ಯಾರಾದರೂ ಹಾಕಿದರೆ, ಶಿಕ್ಷೆಗೊಳಗಾದ ವ್ಯಕ್ತಿ ಈಗ ಜೈಲಿನಲ್ಲಿದ್ದಾನೆ ಅಂತ ಅರ್ಜಿಯಲ್ಲೇ ಘೋಷಣೆ ಇರಬೇಕು. ಹೊಸ ಸಂಹಿತೆಯ 473ನೇ ಕಲಂ, ಹಳೆಯದರ 432. ಸಣ್ಣ ಸಾಲು, ಆದರೆ ಇದು ಇಲ್ಲದಿದ್ದರೆ ಅರ್ಜಿಯನ್ನು ಪರಿಗಣಿಸುವಂತೆಯೇ ಇಲ್ಲ. ಗಂಡ ಪರೋಲ್ ಮೇಲೆ ಮನೆಗೆ ಬಂದಾಗ ಇಬ್ಬರೂ ಕೂಡಿ ಅರ್ಜಿ ಬರೆಸಿ ಕಳಿಸುವವರಿದ್ದಾರೆ. ಸಹಜವೇ, ಆಗ ತಾನೇ ಕೂತು ಮಾತಾಡಲು ಸಮಯ. ಆದರೆ ಆ ದಿನ ಆತ ಜೈಲಿನಲ್ಲಿ ಇರುವುದಿಲ್ಲ, ಘೋಷಣೆ ಸುಳ್ಳಾಗುತ್ತದೆ. ಬರೆಸಿಟ್ಟುಕೊಳ್ಳಿ, ಆತ ವಾಪಸ್ ಹೋದ ಮೇಲೆ ಸಹಿ ಹಾಕಿ ಕಳಿಸಿ. ಇನ್ನೊಂದು ಮಾತು, ಅರ್ಜಿ ಹೋಗಬೇಕಾದದ್ದು ಶಿಕ್ಷೆ ಕೊಟ್ಟ ಕೋರ್ಟ್ ಇರುವ ರಾಜ್ಯದ ಸರ್ಕಾರಕ್ಕೆ. ಬಿಲ್ಕಿಸ್ ಬಾನು ಪ್ರಕರಣದಲ್ಲಿ 2024ರ ಜನವರಿಯಲ್ಲಿ ಬಿಡುಗಡೆ ಆದೇಶ ರದ್ದಾಗಿದ್ದೇ ಈ ಕಾರಣಕ್ಕೆ. ಹಾವೇರಿಯವರಿಗೆ ಕೊಲ್ಹಾಪುರದಲ್ಲಿ ಶಿಕ್ಷೆಯಾಗಿದ್ದರೆ ಬೆಂಗಳೂರಿಗೆ ಬರೆದು ಪ್ರಯೋಜನವಿಲ್ಲ.

ಅರ್ಜಿಯ ಒಡಲಿನಲ್ಲಿ ಏನಿರಬೇಕು ಅನ್ನೋದಕ್ಕೆ ನಾನು ಹಿಡಿದುಕೊಂಡದ್ದು ಲಕ್ಷ್ಮಣ್ ನಸ್ಕರ್ ಪ್ರಕರಣದ ಐದು ಪ್ರಶ್ನೆ. 2000ನೇ ಇಸವಿಯದು. ಆ ಅಪರಾಧ ಇಡೀ ಸಮಾಜವನ್ನು ಬಾಧಿಸದ ವೈಯಕ್ತಿಕ ಕೃತ್ಯವೇ, ಮತ್ತೆ ಮಾಡುವ ಸಂಭವ ಇದೆಯೇ, ಮಾಡುವ ಶಕ್ತಿಯನ್ನೇ ಕಳೆದುಕೊಂಡಿದ್ದಾನೆಯೇ, ಇನ್ನೂ ಒಳಗಿಟ್ಟು ಏನಾದರೂ ಫಲ ಇದೆಯೇ, ಮನೆಯವರ ಸ್ಥಿತಿಗತಿ ಹೇಗಿದೆ. ಹೆಂಡತಿಯರ ಅರ್ಜಿಗಳಲ್ಲಿ ಸಾಮಾನ್ಯವಾಗಿ ಐದನೆಯದು ಮೂರು ಪುಟ ಇರುತ್ತೆ, ಮೊದಲ ನಾಲ್ಕು ಇರುವುದೇ ಇಲ್ಲ. ಬಡತನ ನಿಜ, ಆದರೆ ಅದೊಂದನ್ನೇ ನೋಡಿ ಯಾರೂ ಬಿಡುವುದಿಲ್ಲ.

ನಾವು ನಾಲ್ಕು ಪುಟದಲ್ಲಿ ಮುಗಿಸಿದೆವು. ಜೈಲಿನಲ್ಲಿ ಹೊಲಿಗೆ ಕಲಿತದ್ದಕ್ಕೆ ಪ್ರಮಾಣಪತ್ರ ಇತ್ತು. ನಾಮಿನಲ್ ರೋಲ್‌ನಲ್ಲಿ ಒಂದೇ ಒಂದು ಕಪ್ಪುಚುಕ್ಕೆ, ಎರಡನೇ ಪರೋಲ್ ಮುಗಿದು ಎರಡು ದಿನ ತಡವಾಗಿ ಜೈಲಿಗೆ ಹಿಂತಿರುಗಿದ್ದು. ತಡವಾಗಿ ಹಿಂತಿರುಗುವುದು ಜೈಲಿನ ದೃಷ್ಟಿಯಲ್ಲಿ ಸಣ್ಣ ತಪ್ಪಲ್ಲ. ಯಾಕೆ ತಡ ಅಂತ ಕೇಳಿದರೆ, ಹೊರಡುವ ಹಿಂದಿನ ರಾತ್ರಿ ಆತನ ತಾಯಿ ತೀರಿಕೊಂಡಿದ್ದರಂತೆ. ಯಾರೂ ಎಲ್ಲೂ ಹೇಳಿರಲಿಲ್ಲ. "ಕೇಳಿದ್ರ ಹೇಳ್ತಿದ್ವಿ" ಅಂದರು ಆಕೆ. ಮರಣ ಪ್ರಮಾಣಪತ್ರ ಲಗತ್ತಿಸಿದೆವು. ಇಂಥದ್ದನ್ನು ಮುಚ್ಚಿಡಬಾರದು. ಫೈಲಿನಲ್ಲಿ ಅದು ಹೇಗೂ ಕಾಣುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ.

ಅರ್ಜಿ ಹೋದ ಮೇಲೆ ಫೈಲು ಪೊಲೀಸರ ವರದಿ, ಪರಿವೀಕ್ಷಣಾಧಿಕಾರಿಯ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ನ್ಯಾಯಾಧೀಶರ ಅಭಿಪ್ರಾಯ ಅಂತ ಊರೂರು ಸುತ್ತಿ, ಸಮಿತಿ ದಾಟಿ ಸರ್ಕಾರಕ್ಕೆ ಹೋಗುತ್ತದೆ. ಎಂಟು ತಿಂಗಳಾದ ಮೇಲೆ 2025ರ ಮೇ ತಿಂಗಳಲ್ಲಿ ಉತ್ತರ ಬಂತು, ತಿರಸ್ಕೃತ. ಕಾರಣ ಒಂದೇ ಸಾಲು: ಪೊಲೀಸ್ ವರದಿಯಂತೆ ಬಿಡುಗಡೆಯಾದಲ್ಲಿ ಗ್ರಾಮದಲ್ಲಿ ಶಾಂತಿಭಂಗವಾಗುವ ಸಂಭವವಿದೆ.

ಆಕೆ ಅಳಲಿಲ್ಲ. "ಆಕಿ ಬ್ಯಾಡ ಅಂದಿರಬೇಕ್ರಿ. ನಾ ಹೋಗಿ ಕಾಲು ಹಿಡ್ಕೊಂಡು ಕೇಳ್ಲೇನು?" ಅಂದರು. ಆಕಿ ಅಂದರೆ ಸತ್ತವನ ಹೆಂಡತಿ. ಬೇಡವೇ ಬೇಡ ಅಂದೆ. ಹೋದರೆ ನಾಳೆ ಅದು ಬೆದರಿಕೆ ಅಂತ ದಾಖಲಾಗಬಹುದು ಅನ್ನೋದು ವಕೀಲಳ ಉತ್ತರ. ಆ ಹೆಣ್ಣುಮಗಳಿಗೆ ಕ್ಷಮಿಸುವ ಸಾಲ ಏನೂ ಇಲ್ಲ ಅನ್ನೋದು ನನ್ನ ಸ್ವಂತ ಉತ್ತರ. ಗಂಡನನ್ನು ಕಳೆದುಕೊಂಡವಳ ಮನೆ ಬಾಗಿಲಿಗೆ, ಕೊಂದವನ ಹೆಂಡತಿ ಹೋಗಿ ಒಪ್ಪಿಗೆ ಕೇಳೋದು ನನಗೆ ಸರಿ ಕಾಣಲಿಲ್ಲ. ಬಿಡುಗಡೆ ಕೊಡುವುದು ಬಿಡುವುದು ಸರ್ಕಾರದ ಹೊರೆ, ಅದನ್ನು ಆಕೆಯ ತಲೆ ಮೇಲೆ ಹಾಕಬಾರದು.

ಆದರೆ ಆಕೆಯ ಭಯ ಸುಳ್ಳಲ್ಲ ಅಂತಾದರೆ ಅದಕ್ಕೆ ಉತ್ತರ ಇರಬೇಕು. ನಾಮಿನಲ್ ರೋಲ್ ಮತ್ತೆ ಬಿಡಿಸಿಕೊಂಡು ಕೂತಾಗ ನನಗೆ ಹೊಳೆದದ್ದು ಆ 210 ದಿನ. ಲೆಕ್ಕದಲ್ಲಿ ನಮಗೆ ನಷ್ಟವಾಗಿದ್ದ ದಿನಗಳು. ಅಷ್ಟೂ ದಿನ ಆತ ಹೊರಗಿದ್ದ, ಹೊರಗಿದ್ದಾಗ ಠಾಣೆಗೆ ಹೋಗಿ ಸಹಿ ಹಾಕುತ್ತಿದ್ದ. ಒಂದು ದೂರು ಇಲ್ಲ, ಒಂದು ಜಗಳ ಇಲ್ಲ. ಕೋವಿಡ್ ಕಾಲದ ನೂರಿಪ್ಪತ್ತು ದಿನವಂತೂ ಊರಿಗೇ ಹೋಗದೆ ರಾಣೇಬೆನ್ನೂರಿನಲ್ಲಿ ಭಾವಮೈದುನನ ಮನೆಯಲ್ಲಿದ್ದು ಮಾಸ್ಕ್ ಹೊಲಿದಿದ್ದ. ಬಿಟ್ಟರೆ ಏನಾಗುತ್ತೆ ಅಂತ ಊಹೆ ಮಾಡಬೇಕಿಲ್ಲ, ಏಳು ತಿಂಗಳು ಬಿಟ್ಟು ನೋಡಿಯಾಗಿದೆ. ಆ ಠಾಣೆಯ ಸಹಿಗಳೇ ನಮ್ಮ ಹೊಸ ಮನವಿಯ ಬೆನ್ನೆಲುಬಾಯಿತು. ಜೊತೆಗೆ ಭಾವಮೈದುನನ ಅಫಿಡವಿಟ್: ಬಿಡುಗಡೆಯಾದರೆ ರಾಣೇಬೆನ್ನೂರಿನಲ್ಲೇ ವಾಸ, ಹೊಲಿಗೆ ಕೆಲಸ, ಬ್ಯಾಡಗಿ ತಾಲ್ಲೂಕಿನ ಆ ಊರಿಗೆ ಕಾಲಿಡುವುದಿಲ್ಲ, ಅದನ್ನೇ ಷರತ್ತು ಮಾಡಿದರೂ ಒಪ್ಪಿಗೆ. ಇದಕ್ಕೆ ಒಪ್ಪಲು ಆಕೆ ನಾಲ್ಕು ದಿನ ತೊಗೊಂಡರು. ಮಾವನ ಕಾಲದ ಮನೆ, ಎರಡೆಕರೆ ಹೊಲ ಅಲ್ಲೇ ಇದೆ. ಇಷ್ಟಕ್ಕೆಲ್ಲ ಕಾರಣವಾದ ಬದುವೂ ಅಲ್ಲೇ ಇದೆ.

ಕಾನೂನೂ ಸ್ವಲ್ಪ ನಮ್ಮ ಕಡೆ ಇತ್ತು. ಬಿಡುಗಡೆ ಕೈದಿಯ ಹಕ್ಕಲ್ಲ, ಆದರೆ ತನ್ನ ಅರ್ಜಿಯನ್ನು ನ್ಯಾಯವಾಗಿ ಪರಿಗಣಿಸಬೇಕು ಅನ್ನೋದು ಹಕ್ಕು. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಬಿಡುಗಡೆಯ ನೀತಿ ಇರುವ ರಾಜ್ಯಗಳು ಅರ್ಹ ಕೈದಿಗಳ ಪ್ರಕರಣವನ್ನು ಯಾರೂ ಅರ್ಜಿ ಹಾಕದಿದ್ದರೂ ತಾವಾಗಿ ಪರಿಗಣಿಸಬೇಕು ಅಂದಿತು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಅದನ್ನು ಕೈದಿಗೆ ತಿಳಿಸಬೇಕು, ಪ್ರಶ್ನಿಸುವ ಹಕ್ಕಿದೆ ಅಂತಲೂ ಹೇಳಬೇಕು. ಒಂದು ಸಾಲಿನ ಪೊಲೀಸ್ ವರದಿ ಕಾರಣ ಆಗುತ್ತದೆಯೇ ಅನ್ನೋದೇ ನಮ್ಮ ಪ್ರಶ್ನೆ. ಮರುಪರಿಶೀಲನೆಯ ಮನವಿ ಮೊದಲು ಹಾಕಿದೆವು. ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್. ಅಲ್ಲೂ ಕೋರ್ಟ್ ನೇರವಾಗಿ ಬಿಡಿ ಅನ್ನುವುದು ಅಪರೂಪ. ಇಷ್ಟು ವಾರದೊಳಗೆ ಮತ್ತೆ ಪರಿಗಣಿಸಿ ಅನ್ನೋದೇ ಸಾಮಾನ್ಯ. ಇದನ್ನು ಆಕೆಗೆ ಮೊದಲೇ ಹೇಳಿದ್ದೇನೆ. ಈ ಕೆಲಸಕ್ಕೆ ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಿಲ್ಲ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ, ಜೈಲಿನಲ್ಲಿರುವವರಿಗೂ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು.

ಮಗಳು ಅಪ್ಪ ಹೋದಾಗ ಆರು ವರ್ಷದವಳು. ಈಗ ಬಿ.ಕಾಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆಫೀಸಿನಲ್ಲಿ ಅಪ್ಪ ಏನು ಮಾಡ್ತಾರೆ ಅಂತ ಕೇಳಿದರೆ ಟೇಲರ್ ಅಂತ ಹೇಳ್ತಾಳಂತೆ. ಸುಳ್ಳೇನೂ ಅಲ್ಲ. ಅಪ್ಪ ಬರೋದು ನಿನಗೆ ಬೇಕಾ ಅಂತ ಒಮ್ಮೆ ಫೋನಿನಲ್ಲಿ ಕೇಳಿದೆ. "ಅವ್ವಗ ಬೇಕ್ರಿ. ನನಗ ಅವ್ರು ಯಾರಂತ ಇನ್ನೂ ಗೊತ್ತಾಗಬೇಕು" ಅಂದಳು. ಆ ಉತ್ತರವನ್ನು ನಾನು ಅರ್ಜಿಯಲ್ಲಿ ಬರೆಯಲಿಲ್ಲ.

ಕಳೆದ ವಾರ ಆಕೆಯ ಫೋನ್ ಬಂತು. ಪೊಲೀಸರು ಮತ್ತೆ ವಿಚಾರಣೆಗೆ ಬಂದಿದ್ದರಂತೆ, ಈ ಸಲ ಊರಿಗಷ್ಟೇ ಅಲ್ಲ, ರಾಣೇಬೆನ್ನೂರಿನ ಮನೆಗೂ. ಹೊಲಿಗೆ ಯಂತ್ರ ಎಲ್ಲಿಡ್ತೀರಿ ಅಂತ ಕೇಳಿ ಆ ಕೋಣೆ ನೋಡಿಕೊಂಡು ಹೋದರಂತೆ. ಫೈಲು ಬೆಂಗಳೂರಿನಲ್ಲಿದೆ. ಆದರೆ ಆಕೆ ಫೋನ್ ಮಾಡಿದ್ದು ಅದಕ್ಕಲ್ಲ. ಮಗಳ ನಿಶ್ಚಿತಾರ್ಥ ಗೊತ್ತಾಗಿದೆ, ಪರೋಲ್ ಕೇಳಬಹುದೇ, ಕೇಳಿದರೆ ಅರ್ಜಿಗೆ ತೊಂದರೆ ಆಗುತ್ತದೆಯೇ?

ಅರ್ಜಿ ಹಾಕಿದ ದಿನ ಆತ ಒಳಗಿದ್ದ, ಘೋಷಣೆ ಅವತ್ತಿಗೆ ನಿಜ, ಈಗ ಬಂದು ಹೋದರೆ ಅದಕ್ಕೇನೂ ಆಗುವುದಿಲ್ಲ ಅಂದೆ. ಆದರೆ ಹಿಂತಿರುಗಲು ಒಂದು ಗಂಟೆಯೂ ತಡ ಆಗಬಾರದು.

"ಇಲ್ಲ ಬಿಡ್ರಿ ಅಕ್ಕಾರ," ಅಂದರು. "ಹೋಗೂ ಹಿಂದಿನ ದಿನಾನ ಬಸ್ಸಿಗೆ ಕೂಡಿಸ್ತೀನಿ. ಜೊತಿಗೆ ನಾನs ಹೋಗಿ ಗೇಟಿನ ಮುಂದ ಬಿಟ್ಟು ಬರ್ತೀನಿ."